ಐವತ್ತು ಸಾವಿರದ್ದಕ್ಕೂ ತೊಂಬತ್ತು ಸಾವಿರದ್ದಕ್ಕೂ ಏನು ವ್ಯತ್ಯಾಸ?

ಮದುವೆ ನಿಶ್ಚಯವಾಗಿ ಛತ್ರ ಬುಕ್ ಆದ ಮೇಲೆ ಫೋಟೋದವರಿಗೆ ಫೋನ್ ಹೋಗುತ್ತದೆ. "ಪ್ಯಾಕೇಜ್ ವಾಟ್ಸ್ಯಾಪ್ ಮಾಡ್ತೀನಿ ಸರ್, ನೋಡಿ ಹೇಳಿ" ಎಂಬ ಉತ್ತರ ಬರುತ್ತದೆ. ಐದು ನಿಮಿಷಕ್ಕೆ ಮೆರೂನ್ ಬಣ್ಣದ ಮೇಲೆ ಬಂಗಾರದ ಅಕ್ಷರವಿರುವ ಒಂದು ಕಾರ್ಡು ಮೊಬೈಲಿಗೆ ಬಂದು ಬೀಳುತ್ತದೆ. ಅದರಲ್ಲಿ ಸಿಲ್ವರ್, ಗೋಲ್ಡ್, ಪ್ಲಾಟಿನಂ ಎಂದು ಮೂರು ಪಟ್ಟಿಗಳಿರುತ್ತವೆ. ಅಪ್ಪ ಕನ್ನಡಕ ಹುಡುಕುತ್ತಾರೆ, ಮಗಳು ಬೆರಳಲ್ಲಿ ಚಿತ್ರ ಹಿಗ್ಗಿಸುತ್ತಾಳೆ, ಪಕ್ಕದಲ್ಲಿ ಕೂತ ಚಿಕ್ಕಪ್ಪ ಕೇಳುತ್ತಾರೆ: "ಅಲ್ಲಮ್ಮಾ, ಐವತ್ತು ಸಾವಿರದ್ದಕ್ಕೂ ತೊಂಬತ್ತು ಸಾವಿರದ್ದಕ್ಕೂ ಏನು ವ್ಯತ್ಯಾಸ?"

ಉತ್ತರ ಕಾರ್ಡಿನಲ್ಲೇ ಇರಬೇಕಿತ್ತು. ಅದು ಸಿಗದಿದ್ದಾಗ ಮನೆಯವರಿಗೆ ಕಾಣುವುದು ಬೆಲೆ ಮಾತ್ರ, ಹಾಗಾಗಿ ಚೌಕಾಸಿಯೂ ಬೆಲೆಯ ಮೇಲೇ ಶುರುವಾಗುತ್ತದೆ. ಎಷ್ಟೋ ಒಳ್ಳೆಯ ಫೋಟೋಗ್ರಾಫರ್‌ಗಳು ತಮ್ಮ ಕೆಲಸಕ್ಕೆ ತಕ್ಕ ದುಡ್ಡು ಕಳೆದುಕೊಳ್ಳುವುದು ಕ್ಯಾಮೆರಾದಿಂದಲ್ಲ, ಈ ಒಂದು ಪುಟದಿಂದ.

ಜಿಲ್ಲಾ ಕೇಂದ್ರದ ಸ್ಟುಡಿಯೋವೊಂದರಲ್ಲಿ ಸಿಗಬಹುದಾದಂಥ ಒಂದು ಮಾದರಿ ಕಾರ್ಡನ್ನು ತೆಗೆದುಕೊಂಡು ಅದನ್ನು ತಿದ್ದುವ ಬಗೆ ನೋಡಬಹುದು. ಬೆಲೆಗಳು ಉದಾಹರಣೆಗೆ ಇಟ್ಟುಕೊಂಡವು.

ಸಿಲ್ವರ್, 50,000 ರೂಪಾಯಿ: ನುರಿತ ಫೋಟೋಗ್ರಾಫರ್‌ಗಳಿಂದ ಹೈ ಕ್ವಾಲಿಟಿ ಫೋಟೋ, ಎಚ್‌ಡಿ ವಿಡಿಯೋ, ಪ್ರೀಮಿಯಂ ಆಲ್ಬಮ್, ಪೆನ್ ಡ್ರೈವ್, ಕ್ಯಾಲೆಂಡರ್.
ಗೋಲ್ಡ್, 90,000 ರೂಪಾಯಿ: ಅನುಭವಿ ತಂಡದಿಂದ ಕ್ಯಾಂಡಿಡ್ ಫೋಟೋ, ಫುಲ್ ಎಚ್‌ಡಿ ವಿಡಿಯೋ, ಸಿನಿಮ್ಯಾಟಿಕ್ ಹೈಲೈಟ್ಸ್, ಪ್ರೀಮಿಯಂ ಆಲ್ಬಮ್ 40 ಶೀಟ್, ಪೆನ್ ಡ್ರೈವ್, ಫೋಟೋ ಫ್ರೇಮ್.
ಪ್ಲಾಟಿನಂ, 1,50,000 ರೂಪಾಯಿ: ಪರಿಣತ ತಂಡದಿಂದ ಕ್ಯಾಂಡಿಡ್ ಫೋಟೋ, 4ಕೆ ಸಿನಿಮ್ಯಾಟಿಕ್ ವಿಡಿಯೋ, ಡ್ರೋನ್, ಲಕ್ಷುರಿ ಆಲ್ಬಮ್, ಎರಡು ದಿನದ ಕವರೇಜ್, ಪೆನ್ ಡ್ರೈವ್, ಫ್ರೇಮ್.

ಮೊದಲ ಕೆಲಸಕ್ಕೆ ಬೇಕಾಗುವುದು ಒಂದು ಗೀಟು ಹಾಳೆ. ಎಡಗಡೆ ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಬಾಬತ್ತು: ಎಷ್ಟು ಜನ, ಯಾವ ಯಾವ ಶಾಸ್ತ್ರ, ವಿಡಿಯೋ, ಆಲ್ಬಮ್, ಪೆನ್ ಡ್ರೈವ್, ಫ್ರೇಮ್, ಕ್ಯಾಲೆಂಡರ್. ಅದರ ಮುಂದೆ ಮೂರು ಮನೆಗಳು, ಮೂರು ಪ್ಯಾಕೇಜಿಗೆ. ಕಾರ್ಡಿನಲ್ಲಿ ಬರೆದದ್ದನ್ನು ಮಾತ್ರ ಮನೆಗೆ ತುಂಬಬೇಕು, ಮನಸ್ಸಿನಲ್ಲಿರುವುದನ್ನಲ್ಲ. ಹೀಗೆ ತುಂಬಿದಾಗ ಖಾಲಿ ಉಳಿಯುವ ಮನೆಗಳೇ ತಿದ್ದುಪಡಿಯ ದಾರಿ ತೋರಿಸುತ್ತವೆ. ಕ್ಯಾಲೆಂಡರ್ ಸಿಲ್ವರ್‌ನಲ್ಲಿದೆ, ಗೋಲ್ಡ್‌ನಲ್ಲಿಲ್ಲ. ಹೆಚ್ಚು ದುಡ್ಡು ಕೊಟ್ಟವರಿಗೆ ಕ್ಯಾಲೆಂಡರ್ ಇಲ್ಲವೇ? ಖಂಡಿತ ಇದೆ, ಬರೆಯಲು ಮರೆತದ್ದು. ಸಿಲ್ವರ್ ಆಲ್ಬಮ್ ಎಷ್ಟು ಶೀಟ್? ಬರೆದಿಲ್ಲ. ಗೋಲ್ಡ್‌ನಲ್ಲಿ ಕ್ಯಾಂಡಿಡ್ ಎಂದಿದೆ. ಹಾಗಾದರೆ ಸ್ಟೇಜಿನ ಮೇಲೆ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ತೆಗೆಯುವ ಮಾಮೂಲಿ ಫೋಟೋಗ್ರಾಫರ್ ಇರುತ್ತಾರೋ ಇಲ್ಲವೋ? ಸ್ಟುಡಿಯೋದವರಿಗೆ ಇದು ಕೇಳುವ ಪ್ರಶ್ನೆಯೇ ಅಲ್ಲ, ಆದರೆ ಮೊದಲ ಸಲ ಮಗಳ ಮದುವೆ ಮಾಡುವವರಿಗೆ ಹೇಗೆ ಗೊತ್ತಾಗಬೇಕು?

ಮನೆಗಳೆಲ್ಲ ತುಂಬಿದ ಮೇಲೆ ಮೂರರಲ್ಲೂ ಒಂದೇ ಇರುವ ಸಾಲುಗಳಿಗೆ ಗೀಟು ಎಳೆಯಬೇಕು. ಪೆನ್ ಡ್ರೈವ್, ಕ್ಯಾಲೆಂಡರ್, ಆಲ್ಬಮ್ ಎಷ್ಟು ದಿನಕ್ಕೆ ಕೈಗೆ ಬರುತ್ತದೆ ಎಂಬುದು, ಊರಿನಿಂದಾಚೆ ಹೋದರೆ ಓಡಾಟದ ಖರ್ಚು ಯಾರದು ಎಂಬುದು ಎಲ್ಲ ಪ್ಯಾಕೇಜಿಗೂ ಸಮಾನ. ಇವನ್ನು "ಮೂರರಲ್ಲೂ ಸಿಗುವುದು" ಎಂಬ ಒಂದೇ ತಲೆಬರಹದಡಿ ಒಂದು ಸಲ ಬರೆದರೆ ಸಾಕು. ಪೆನ್ ಡ್ರೈವನ್ನು ಮೂರು ಸಲ ಬರೆದರೆ ಪಟ್ಟಿ ಉದ್ದವಾಗಿ ಕಾಣುತ್ತದೆ ನಿಜ, ಆದರೆ ಓದುವವರ ಕಣ್ಣು ಸಮಾನವಾದದ್ದನ್ನೇ ಮೂರು ಸಲ ದಾಟಿ ವ್ಯತ್ಯಾಸವನ್ನು ಹೆಕ್ಕಬೇಕಾಗುತ್ತದೆ.

ನಂತರ ವಿಶೇಷಣಗಳ ಸರದಿ. ನುರಿತ, ಅನುಭವಿ, ಪರಿಣತ: ಈ ಮೂರರಲ್ಲಿ ಯಾರು ಹೆಚ್ಚು? ಗ್ರಾಹಕರು ಇದನ್ನು ಗಂಭೀರವಾಗಿ ಓದಿದರೆ ಸಿಲ್ವರ್‌ಗೆ ಹೊಸಬರನ್ನು ಕಳಿಸುತ್ತಾರೇನೋ ಎಂದು ಅನುಮಾನಪಡುತ್ತಾರೆ. ಪ್ರೀಮಿಯಂ, ಲಕ್ಷುರಿ ಎಂಬುವೂ ಅಷ್ಟೇ. ಎಚ್‌ಡಿ, ಫುಲ್ ಎಚ್‌ಡಿ, 4ಕೆ ಎಂಬ ಮೆಟ್ಟಿಲು ಇನ್ನೂ ದಾರಿ ತಪ್ಪಿಸುವಂಥದ್ದು. 4ಕೆ ಚಿತ್ರದಲ್ಲಿ ಫುಲ್ ಎಚ್‌ಡಿಯ ನಾಲ್ಕು ಪಟ್ಟು ಚುಕ್ಕಿಗಳಿರುತ್ತವೆ, ಅದು ಸತ್ಯ. ಆದರೆ ಮದುವೆಯ ವಿಡಿಯೋವನ್ನು ಮೊಬೈಲಿನಲ್ಲಿ ನೋಡುವವರಿಗೆ ಆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಟಿವಿಯಲ್ಲಿ ಹತ್ತಿರ ಕೂತು ನೋಡುವವರಿಗೆ ಮಾತ್ರ ಅದರ ಬೆಲೆ. ಅದನ್ನು ಕಾರ್ಡಿನ ಮುಖ್ಯ ವ್ಯತ್ಯಾಸವಾಗಿ ನಿಲ್ಲಿಸುವುದು ಸರಿಯಲ್ಲ.

ಹೀಗೆಲ್ಲ ಕಳೆದ ಮೇಲೆ ಹಾಳೆಯಲ್ಲಿ ಏನು ಉಳಿಯಿತು? ನಿಜವಾಗಿ ಬದಲಾಗುವುದು ಒಂದೇ: ಛತ್ರಕ್ಕೆ ಬರುವ ಜನರ ಸಂಖ್ಯೆ. ಉಳಿದ ಮುಖ್ಯ ವ್ಯತ್ಯಾಸಗಳೆಲ್ಲ ಅದರಿಂದಲೇ ಹುಟ್ಟುತ್ತವೆ.

ಧಾರೆಯ ಹೊತ್ತನ್ನು ನೆನಪಿಸಿಕೊಂಡರೆ ಇದು ತಿಳಿಯುತ್ತದೆ. ಹುಡುಗ ಹುಡುಗಿಯ ನಡುವೆ ಅಂತರಪಟ ಹಿಡಿದಿರುತ್ತಾರೆ, ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಪುರೋಹಿತರು ಮಂತ್ರ ಮುಗಿಸಿ ಗಟ್ಟಿಮೇಳ ಎನ್ನುತ್ತಿದ್ದಂತೆ ಪಟ ಸರಿಯುತ್ತದೆ, ಇಬ್ಬರೂ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಹಾಕುತ್ತಾರೆ. ಎಲ್ಲವೂ ಕೆಲವೇ ಕ್ಷಣ. ಆ ಕ್ಷಣದಲ್ಲಿ ಒಬ್ಬನೇ ಫೋಟೋಗ್ರಾಫರ್ ಇದ್ದರೆ ಅವನ ಕ್ಯಾಮೆರಾ ವಧೂವರರ ಮುಖದ ಮೇಲಿರಲೇಬೇಕು. ಹಿಂದೆ ನಿಂತ ತಾಯಿ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡದ್ದು ಅವನಿಗೆ ಸಿಗುವುದಿಲ್ಲ. ಅದು ಸಿಗಬೇಕೆಂದರೆ ಇನ್ನೊಬ್ಬರು ಬೇಕು. ಕ್ಯಾಂಡಿಡ್ ಎಂಬ ಪದದ ಹಿಂದಿರುವ ಕೆಲಸ ಇದೇ. ಹಾಗೆಯೇ ಬೆಳಿಗ್ಗೆ ಹುಡುಗ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟಾಗ ಹುಡುಗಿಗೆ ಒಳಗೆ ಮೊಗ್ಗಿನ ಜಡೆ ಹಾಕುತ್ತಿರುತ್ತಾರೆ. ಎರಡೂ ಕಡೆ ಕ್ಯಾಂಡಿಡ್ ಬೇಕೆಂದರೆ ಮೂರನೆಯವರು ಬೇಕು.

ಹಾಗಾಗಿ ಸಿಲ್ವರ್, ಗೋಲ್ಡ್ ಎಂಬ ಹೆಸರುಗಳನ್ನೇ ಬಿಟ್ಟು ಪ್ಯಾಕೇಜುಗಳನ್ನು ಇಬ್ಬರ ತಂಡ, ನಾಲ್ವರ ತಂಡ, ಆರು ಮಂದಿಯ ತಂಡ ಎಂದು ಕರೆದರೆ ಚಿಕ್ಕಪ್ಪನ ಪ್ರಶ್ನೆಗೆ ಅರ್ಧ ಉತ್ತರ ತಲೆಬರಹದಲ್ಲೇ ಸಿಕ್ಕಿಬಿಡುತ್ತದೆ.

ಎರಡನೆಯ ವ್ಯತ್ಯಾಸ ದಿನಗಳದ್ದು. ಇಲ್ಲಿ ಆಗುವಷ್ಟು ಜಗಳ ಬೇರೆಲ್ಲೂ ಆಗುವುದಿಲ್ಲ. ಕರ್ನಾಟಕದ ಬಹುತೇಕ ಛತ್ರದ ಮದುವೆಗಳಲ್ಲಿ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ, ಮಧ್ಯಾಹ್ನ ಊಟ. ಇದು ಒಂದು ದಿನವೇ, ಎರಡು ದಿನವೇ? ಫೋಟೋದವರ ಲೆಕ್ಕದಲ್ಲಿ ಒಂದೂವರೆ, ಗಡಿಯಾರದ ಲೆಕ್ಕದಲ್ಲಿ ಒಂದಕ್ಕಿಂತ ಕಡಿಮೆ, ಕ್ಯಾಲೆಂಡರಿನಲ್ಲಿ ಎರಡು. "ಎರಡು ದಿನದ ಕವರೇಜ್" ಎಂದು ಓದಿದ ಮನೆಯವರು ಹಿಂದಿನ ಬೆಳಿಗ್ಗೆ ಮನೆಯ ಚಪ್ಪರ, ಅರಿಶಿನ ಶಾಸ್ತ್ರಕ್ಕೂ ಬರುತ್ತಾರೆಂದು ಕಾದರೆ ತಪ್ಪು ಯಾರದೂ ಅಲ್ಲ, ಆ ಪದದ್ದು. ದಿನದ ಬದಲು ಶಾಸ್ತ್ರದ ಹೆಸರನ್ನೇ ಬರೆದುಬಿಟ್ಟರೆ ಗೊಂದಲವೇ ಇಲ್ಲ: ಆರತಕ್ಷತೆಯಿಂದ ಮರುದಿನ ಊಟದವರೆಗೆ, ಅಥವಾ ಮನೆಯ ಅರಿಶಿನದಿಂದ ಮರುದಿನ ಊಟದವರೆಗೆ.

ಮೂರನೆಯದು ಆಲ್ಬಮ್. ಶೀಟ್ ಎಂಬುದು ಅಂಗಡಿಯ ಮಾತು, ಮನೆಯವರು ಕೇಳುವುದು ಪುಟ ಮತ್ತು ಫೋಟೋ. 12×36 ಅಳತೆಯ ಆಲ್ಬಮ್ ಎಂದರೆ ಬಿಡಿಸಿಟ್ಟಾಗ ಎಡಬಲ ಸೇರಿ 36 ಇಂಚು ಅಗಲ, ಮುಚ್ಚಿದಾಗ 18 ಇಂಚು. 30 ಶೀಟ್ ಎಂದರೆ 60 ಪುಟ. ಪುಟಕ್ಕೆ ಸರಾಸರಿ ಮೂರು ಫೋಟೋ ಹಿಡಿದರೂ 180 ಫೋಟೋ. "30 ಶೀಟ್, ಅಂದರೆ 60 ಪುಟ, ಸುಮಾರು 180 ಫೋಟೋ" ಎಂದು ಒಂದು ಕಡೆ ಬರೆದು, ಮುಂದಿನದರಲ್ಲಿ "40 ಶೀಟ್, 80 ಪುಟ, ಸುಮಾರು 240 ಫೋಟೋ" ಎಂದರೆ ಹೆಚ್ಚಿಗೆ ಸಿಗುವುದು ಎಷ್ಟೆಂದು ಅಜ್ಜಿಗೂ ಗೊತ್ತಾಗುತ್ತದೆ. ಒಂದರಲ್ಲಿ ಶೀಟ್, ಇನ್ನೊಂದರಲ್ಲಿ ಫೋಟೋ ಎಂದು ಅಳತೆ ಬದಲಾಯಿಸಿದರೆ ಹೋಲಿಸಲು ಆಗುವುದೇ ಇಲ್ಲ.

ಜಾಗ ಉಳಿಸಲು ಹಲವರು ಬಳಸುವ ಒಂದು ಉಪಾಯವಿದೆ: "ಮೇಲಿನದ್ದೆಲ್ಲ, ಜೊತೆಗೆ" ಎಂದು ಬರೆದು ಹೆಚ್ಚಿಗೆ ಬರುವುದನ್ನಷ್ಟೇ ಪಟ್ಟಿ ಮಾಡುವುದು. ಮೊಬೈಲಿನ ಕಿರಿದಾದ ಪರದೆಗೆ ಇದು ಬಹಳ ಒಪ್ಪುತ್ತದೆ, ಏಕೆಂದರೆ ಮೂರು ಅಂಕಣದ ಕೋಷ್ಟಕ ಅಲ್ಲಿ ಇರುವೆ ಗಾತ್ರಕ್ಕೆ ಇಳಿದುಬಿಡುತ್ತದೆ. ಆದರೆ ಒಂದು ಎಚ್ಚರ ಬೇಕು. ಮೇಲಿನದ್ದೆಲ್ಲದರ ಜೊತೆಗೆ 40 ಶೀಟಿನ ಆಲ್ಬಮ್ ಎಂದರೆ 30ರದ್ದೂ ಬರುತ್ತದೆ, 40ರದ್ದೂ ಬರುತ್ತದೆ ಎಂದೇ ಅರ್ಥ. ಸೇರುವುದಕ್ಕೆ "ಜೊತೆಗೆ", ಜಾಗ ಬದಲಿಸುವುದಕ್ಕೆ "ಬದಲಿಗೆ" ಎಂದು ಎರಡು ಪದ ಬೇರೆ ಬೇರೆ ಬಳಸಬೇಕು.

ತಿದ್ದುವಾಗ ಒಂದು ಕಹಿ ಸತ್ಯವೂ ಹೊರಬೀಳಬಹುದು. ಈ ಮಾದರಿ ಕಾರ್ಡಿನಲ್ಲಿ ವಿಶೇಷಣಗಳನ್ನು ಕಳೆದ ಮೇಲೆ ಗೋಲ್ಡ್‌ಗೂ ಪ್ಲಾಟಿನಂಗೂ ನಡುವೆ ಖಚಿತವಾಗಿ ಉಳಿಯುವುದು 4ಕೆ ಮತ್ತು ಡ್ರೋನ್ ಮಾತ್ರ, ಬೆಲೆಯಲ್ಲಿ ಅಂತರ 60,000 ರೂಪಾಯಿ. ಡ್ರೋನ್ ಛತ್ರದ ಒಳಗೆ ಹೆಚ್ಚು ಕೆಲಸಕ್ಕೆ ಬಾರದು, ವಿಮಾನ ನಿಲ್ದಾಣದ ಸುತ್ತಲಿನ ಕೆಂಪು ವಲಯದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. 2021ರ ಡ್ರೋನ್ ನಿಯಮಗಳು ಅದನ್ನು ಸ್ಪಷ್ಟವಾಗಿ ಹೇಳಿವೆ. ಇಂಥಲ್ಲಿ ಪದ ತಿದ್ದಿ ಪ್ರಯೋಜನವಿಲ್ಲ, ಪ್ಯಾಕೇಜನ್ನೇ ತಿದ್ದಬೇಕು. ಮನೆಯ ಅರಿಶಿನ ಶಾಸ್ತ್ರ, ಎರಡನೆಯ ಕ್ಯಾಂಡಿಡ್ ಫೋಟೋಗ್ರಾಫರ್, ಎರಡೂ ಬೀಗರ ಮನೆಗೆ ಒಂದೊಂದು ಆಲ್ಬಮ್ ಸೇರಿಸಿದರೆ ಆ ಬೆಲೆಗೆ ಒಂದು ಅರ್ಥ ಬರುತ್ತದೆ.

ಕೊನೆಗೆ ಕಾರ್ಡು ಹೀಗೆ ನಿಲ್ಲುತ್ತದೆ:

ಮೂರರಲ್ಲೂ ಸಿಗುವುದು: ಆರತಕ್ಷತೆಯಿಂದ ಮರುದಿನ ಊಟದವರೆಗೆ ಫೋಟೋ ಮತ್ತು ವಿಡಿಯೋ. ಎಲ್ಲ ಫೋಟೋ ಪೆನ್ ಡ್ರೈವ್‌ನಲ್ಲಿ. ಕ್ಯಾಲೆಂಡರ್. ಫೋಟೋ ಆರಿಸಿಕೊಟ್ಟ 45 ದಿನಕ್ಕೆ ಆಲ್ಬಮ್. ಊರಾಚೆಯ ಓಡಾಟದ ಖರ್ಚು ಪ್ರತ್ಯೇಕ.

ಇಬ್ಬರ ತಂಡ, 50,000: ಒಬ್ಬರು ಫೋಟೋ, ಒಬ್ಬರು ವಿಡಿಯೋ. 30 ಶೀಟಿನ ಆಲ್ಬಮ್ (60 ಪುಟ, ಸುಮಾರು 180 ಫೋಟೋ).

ನಾಲ್ವರ ತಂಡ, 90,000: ಇಬ್ಬರ ತಂಡದ ಜೊತೆಗೆ ಒಬ್ಬರು ಕ್ಯಾಂಡಿಡ್ ಫೋಟೋ, ಒಬ್ಬರು ಸಿನಿಮ್ಯಾಟಿಕ್ ವಿಡಿಯೋ. 5 ನಿಮಿಷದ ಹೈಲೈಟ್ಸ್. ಒಂದು ಫ್ರೇಮ್. 30ರ ಬದಲಿಗೆ 40 ಶೀಟಿನ ಆಲ್ಬಮ್ (80 ಪುಟ, ಸುಮಾರು 240 ಫೋಟೋ).

ಆರು ಮಂದಿಯ ತಂಡ, 1,50,000: ನಾಲ್ವರ ತಂಡದ ಜೊತೆಗೆ ಇನ್ನೊಬ್ಬರು ಕ್ಯಾಂಡಿಡ್, ಒಬ್ಬರು ಡ್ರೋನ್ (ಹೊರಾಂಗಣ, ಅನುಮತಿ ಇರುವ ಜಾಗದಲ್ಲಿ). ಮನೆಯ ಅರಿಶಿನ ಶಾಸ್ತ್ರವೂ. ಒಂದು ಆಲ್ಬಮ್ ಬದಲಿಗೆ ಎರಡು, ಬೀಗರಿಗೊಂದು.

ಇದು ಸರಿಯಾಗಿದೆಯೇ ಎಂದು ನೋಡಲು ಫೋಟೋ ಕೆಲಸದ ಗಂಧ ಗಾಳಿ ಇಲ್ಲದ ಒಬ್ಬರಿಗೆ ಕಾರ್ಡನ್ನು ಅವರ ಮೊಬೈಲಿಗೇ ಕಳಿಸಿ, ಹತ್ತು ಸೆಕೆಂಡ್ ನೋಡಲು ಬಿಟ್ಟು, ಪರದೆ ಮುಚ್ಚಿಸಿ ಕೇಳಬೇಕು: "ನಲವತ್ತು ಸಾವಿರ ಹೆಚ್ಚಿಗೆ ಕೊಟ್ಟರೆ ಏನು ಸಿಗುತ್ತದೆ?" "ಇನ್ನಿಬ್ಬರು ಬರ್ತಾರೆ, ಆಲ್ಬಮ್ ದೊಡ್ಡದು" ಎಂದರೆ ಕಾರ್ಡು ಗೆದ್ದಿತು. "ಏನೋ ಸಿನಿಮಾ ಥರ ಅಂತಿತ್ತು" ಎಂದರೆ ಆ ಸಾಲನ್ನು ಮತ್ತೆ ಬರೆಯಬೇಕು. ಮುಂಗಡ ತೆಗೆದುಕೊಂಡ ದಿನ ಕೊಡುವ ರಸೀದಿಯಲ್ಲೂ ಗ್ರಾಹಕರು ಆರಿಸಿದ ಪ್ಯಾಕೇಜಿನ ಇದೇ ಸಾಲುಗಳು ಅಕ್ಷರವೂ ಬದಲಾಗದೆ ಬಂದರೆ, ಮದುವೆ ಮುಗಿದು ಎರಡು ತಿಂಗಳಿಗೆ ಆಲ್ಬಮ್ ತೆಗೆದುಕೊಳ್ಳಲು ಬಂದ ಅಪ್ಪ ಕೌಂಟರಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಎಣಿಸಿಕೊಳ್ಳಬಹುದು.