ನಿದ್ದೆಯಲ್ಲೂ ಇಳಿಯದ ನಾಡಿ

ಬೆಂಗಳೂರಿನಿಂದ ಬೆಳಗಾವಿಗೆ ಸುಮಾರು 500 ಕಿಲೋಮೀಟರ್. ರಾತ್ರಿ ಬಸ್ಸು ಹಿರಿಯೂರಿನ ಹತ್ತಿರ ಚಹಾಕ್ಕೆ ನಿಲ್ಲುತ್ತದೆ. ಹದಿನಾರು ವರ್ಷ ಅದೇ ದಾರಿಯಲ್ಲಿ ಬಸ್ಸು ಓಡಿಸಿದ ಧಾರವಾಡ ಕಡೆಯ ಡ್ರೈವರ್ ಒಬ್ಬರಿಗೆ ಅಲ್ಲಿ ಇಳಿದು ನಿಂತಾಗ ಎದೆ ಡವಡವ ಹೊಡೆದುಕೊಳ್ಳುವುದು ಗೊತ್ತಾಯಿತು. ಕುರ್ಚಿಯಲ್ಲಿ ಐದು ನಿಮಿಷ ಕೂತು, ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿಗೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಿದರು. 118. ವಿಶ್ರಾಂತಿಯಲ್ಲಿರುವ ದೊಡ್ಡವರಿಗೆ 60ರಿಂದ 100ರವರೆಗೆ ಇರಬೇಕಾದ ಲೆಕ್ಕ ಅದು.

ಜೊತೆಗಿದ್ದ ಎರಡನೇ ಡ್ರೈವರ್ ಚಹಾದ ಮೇಲೆ ತಪ್ಪು ಹೊರಿಸಿದ. ‘ಅಣ್ಣಾ, ಒಂದು ರಾತ್ರಿಗೆ ಐದು ಕಪ್ಪು ಕುಡೀತೀಯಲ್ಲ!’ ಅವನ ಮಾತಿನಲ್ಲಿ ಹುರುಳಿತ್ತು. ಚಹಾ, ಗುಟ್ಕಾ, ಸಿಗರೇಟು ಎಲ್ಲವೂ ನಾಡಿಯನ್ನು ಏರಿಸುತ್ತವೆ. ಕತ್ತಲಲ್ಲಿ ಕಣ್ಣು ಕೀಲಿಸಿ ಕೂರುವ ಎಚ್ಚರವೂ ಏರಿಸುತ್ತದೆ. ಡ್ರೈವರ್ ಒಂದು ವಾರ ಚಹಾ ಬಿಟ್ಟರು. ನಾಡಿ 110ಕ್ಕೆ ಇಳಿದು ಅಲ್ಲೇ ನಿಂತಿತು.

ಸುಳಿವು ಸಿಕ್ಕಿದ್ದು ಮನೆಯಲ್ಲಿ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಿದ್ದಾಗ ಅವರ ಹೆಂಡತಿ ಸದ್ದಿಲ್ಲದೆ ಕೈ ಹಿಡಿದು ಎಣಿಸಿದರು: 102. ಎದ್ದ ಮೇಲೆ, ‘ಅಲ್ರೀ, ನಿದ್ದಿಯೊಳಗೂ ನಿಮ್ಮ ನಾಡಿ ಓಡಾಕತ್ತೈತಿ’ ಎಂದರು. ಭಯದಿಂದಲೋ ಒತ್ತಡದಿಂದಲೋ ಏರಿದ ನಾಡಿ ಗಾಢ ನಿದ್ದೆಯಲ್ಲಿ ಸಾಮಾನ್ಯವಾಗಿ ಇಳಿಯುತ್ತದೆ. ಇಳಿಯದಿದ್ದರೆ ಕಾರಣ ಮೈಯೊಳಗೇ ಇರುವ ಸಾಧ್ಯತೆ ಹೆಚ್ಚು: ರಕ್ತಹೀನತೆ, ಜ್ವರ, ಹೃದಯದ ತೊಂದರೆ ಅಥವಾ ಥೈರಾಯ್ಡ್. ರಾತ್ರಿ ದಾರಿಯಲ್ಲಷ್ಟೇ ಬರುವ ಕಾಯಿಲೆ ಅಂದುಕೊಂಡದ್ದು ಹಗಲಲ್ಲೂ ಇತ್ತು. ಎಣಿಸಿದವರಿರಲಿಲ್ಲ, ಅಷ್ಟೇ.

ವೈದ್ಯರು ಮೊದಲು ಇಸಿಜಿ ತೆಗೆಸಿದರು. ನಾಡಿ ವೇಗವಾಗಿದ್ದರೂ ತಾಳ ತಪ್ಪಿರಲಿಲ್ಲ. ತಾಳ ತಪ್ಪಿದ್ದರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಬರುವ ಅಪಾಯವನ್ನೂ ನೋಡಬೇಕಾಗುತ್ತಿತ್ತು. ಆಮೇಲೆ ಕೈ ಮುಂದೆ ಚಾಚಿಸಿ, ಬೆರಳುಗಳ ಮೇಲೊಂದು ಕಾಗದದ ಹಾಳೆ ಇಟ್ಟರು. ಹಾಳೆ ಸಣ್ಣಗೆ ನಡುಗಿತು. ಅಂಗೈ ಒದ್ದೆಯಾಗಿತ್ತು, ಜೊತೆಗೆ ಬೆಚ್ಚಗಿತ್ತು. ಹೆದರಿದವರ ಅಂಗೈ ಬೆವರಿದರೂ ಸಾಮಾನ್ಯವಾಗಿ ತಣ್ಣಗಿರುತ್ತದೆ. ‘ಊಟ ಹೇಗಿದೆ?’ ಎಂದು ಕೇಳಿದಾಗ, ಮೊದಲಿಗಿಂತ ಒಂದು ರೊಟ್ಟಿ ಜಾಸ್ತಿಯೇ ತಿನ್ನುತ್ತಿದ್ದರೂ ಮೂರು ತಿಂಗಳಲ್ಲಿ ಐದು ಕಿಲೋ ಇಳಿದದ್ದು ಹೊರಬಂತು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಸರಿಯಿತ್ತು. ಟಿಎಸ್‌ಎಚ್ ಮಾತ್ರ 0.01ಕ್ಕಿಂತ ಕೆಳಗಿತ್ತು; ಸಾಮಾನ್ಯವಾಗಿ ಅದು ಸುಮಾರು 0.4ರಿಂದ 4ರೊಳಗೆ ಇರಬೇಕು. ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಎಂದು ಮಿದುಳಿನ ಬುಡದ ಪಿಟ್ಯುಟರಿ ಕಳಿಸುವ ಹುಕುಂ ಈ ಟಿಎಸ್‌ಎಚ್. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ತುಂಬಿ ತುಳುಕಿದಾಗ ಪಿಟ್ಯುಟರಿ ಹುಕುಂ ನಿಲ್ಲಿಸಿಬಿಡುತ್ತದೆ. ಆದರೂ ಇವರ ಗ್ರಂಥಿ ಸುಮ್ಮನಾಗಿರಲಿಲ್ಲ. ಅದನ್ನು ಕೆರಳಿಸುತ್ತಿದ್ದದ್ದು ದೇಹವೇ ತಯಾರಿಸಿದ ಪ್ರತಿಕಾಯಗಳು. ಇದಕ್ಕೆ ಗ್ರೇವ್ಸ್ ಕಾಯಿಲೆ ಎಂದು ಹೆಸರು. ಹೆಚ್ಚಾದ ಹಾರ್ಮೋನು ಹೃದಯವನ್ನು ನೇರವಾಗಿ ಓಡಿಸುತ್ತದೆ. ಅದರ ಮೇಲೆ ರಾತ್ರಿಯ ಎಚ್ಚರವೂ ಚಹಾವೂ ಸೇರಿದರೆ ನಾಡಿ ಇನ್ನಷ್ಟು ಏರುತ್ತದೆ. ಹಿರಿಯೂರಿನಲ್ಲಿ ಕಂಡದ್ದು ಅದು.

ಎರಡು ಮಾತ್ರೆ ಶುರುವಾದವು. ಪ್ರೊಪ್ರನೊಲಾಲ್ ನಾಡಿಯನ್ನೂ ಕೈ ನಡುಕವನ್ನೂ ಬೇಗ ತಗ್ಗಿಸುತ್ತದೆ, ಆದರೆ ಉಬ್ಬಸ ಇರುವವರಿಗೆ ಆಗದು; ಹಾಗಾಗಿ ವೈದ್ಯರು ಅದನ್ನು ಮೊದಲೇ ಕೇಳಿಕೊಂಡರು. ಕಾಯಿಲೆಯ ಬುಡಕ್ಕೆ ಕೊಟ್ಟದ್ದು ಕಾರ್ಬಿಮಜೋಲ್. ಅದು ಹೊಸ ಹಾರ್ಮೋನು ತಯಾರಾಗುವುದನ್ನು ತಡೆಯುತ್ತದೆ, ಗ್ರಂಥಿಯಲ್ಲಿ ಆಗಲೇ ಕೂಡಿಟ್ಟದ್ದನ್ನು ಮುಟ್ಟುವುದಿಲ್ಲ. ಆ ದಾಸ್ತಾನು ಕರಗಲು ಕೆಲವು ವಾರ ಬೇಕು. ಎರಡನೇ ವಾರ ‘ಏನೂ ಗುಣ ಕಾಣಲಿಲ್ಲ’ ಎಂದು ಈ ಮಾತ್ರೆ ಬಿಡುವವರೇ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ಸಾಮಾನ್ಯವಾಗಿ ವರ್ಷದಿಂದ ಒಂದೂವರೆ ವರ್ಷ ನುಂಗಬೇಕಾಗುತ್ತದೆ. ನಾಡಿ ಹಿಡಿತಕ್ಕೆ ಬರುವವರೆಗೆ ಸ್ಟಿಯರಿಂಗ್ ಹಿಡಿಯುವುದು ಬೇಡ ಎಂದು ವೈದ್ಯರು ಚೀಟಿ ಬರೆದುಕೊಟ್ಟರು. ಎದೆನೋವು, ಉಸಿರುಗಟ್ಟುವುದು, ತಲೆ ಸುತ್ತುವುದು ಅಥವಾ ಬಡಿತ ಅಡ್ಡಾದಿಡ್ಡಿ ಆಗುವುದು ಕಂಡರೆ ಮುಂದಿನ ಭೇಟಿಗೆ ಕಾಯದೆ ಆಸ್ಪತ್ರೆಗೆ ಬರಬೇಕೆಂದರು.

ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು. ಕಾರ್ಬಿಮಜೋಲ್ ಅಪರೂಪಕ್ಕೆ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಜ್ವರ ಅಥವಾ ಗಂಟಲುನೋವು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಐದನೇ ವಾರ ಗಂಟಲು ಕಟ್ಟಿಕೊಂಡಿತು. ಮಳೆಗಾಲದ ನೆಗಡಿ ಎಂದು ಡ್ರೈವರ್ ಸುಮ್ಮನಿರಲು ಹೊರಟಿದ್ದರು. ಹೆಂಡತಿ ಬಿಡಲಿಲ್ಲ, ಪ್ರಯೋಗಾಲಯಕ್ಕೆ ಕರೆದೊಯ್ದರು. ಸಂಜೆಯ ಹೊತ್ತಿಗೆ ವರದಿ ಬಂತು: ಬಿಳಿ ಕಣಗಳು ಸರಿಯಿದ್ದವು, ಅದು ನೆಗಡಿಯೇ. ವೈದ್ಯರು ಮಾತ್ರೆ ಮುಂದುವರಿಸಲು ಹೇಳಿದರು. ಆ ರಾತ್ರಿ ಅವರು ಮಲಗಿದ ಮೇಲೆ ಹೆಂಡತಿ ಮತ್ತೆ ಕೈ ಹಿಡಿದು ಎಣಿಸಿದರು. 74.