ಡಿಸ್ಕಿಗೆ ಎಷ್ಟು ಸುತ್ತು?

ಫೋನ್ ಕರೆಗಳ ದಾಖಲೆಯಿರುವ 100 ಜಿಬಿಯ ಕಡತವೊಂದಿದೆ ಎನ್ನಿ. ಸಾಲಿಗೊಂದು ಕರೆ, ಸಾಲಿಗೆ ಸುಮಾರು 100 ಬೈಟ್. ಅಂದರೆ ನೂರು ಕೋಟಿ ಸಾಲುಗಳು, ಕರೆ ಬಂದ ಹೊತ್ತಿನ ಕ್ರಮದಲ್ಲಿ ಬಿದ್ದಿವೆ. ಇವನ್ನು ಸಾಲಿನ ಮೊದಲಲ್ಲಿರುವ ಫೋನ್ ನಂಬರಿನ ಪ್ರಕಾರ ಜೋಡಿಸಬೇಕು. ಆದರೆ ಈ ಕೆಲಸಕ್ಕೆ ಸಿಗುವ ಮೆಮೊರಿ 1 ಜಿಬಿ ಮಾತ್ರ.

ಬೇಕಾದ ಸಾಲನ್ನು ಬೇಕಾದಾಗ ಡಿಸ್ಕಿನಿಂದ ಹೆಕ್ಕಿ ತಂದರಾಯಿತು ಅನ್ನಿಸಬಹುದು. ಹಳೆಯ ಮಾದರಿಯ, ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಸುಮಾರು 10 ಮಿಲಿಸೆಕೆಂಡು ಹಿಡಿಯುತ್ತದೆ. ಸಾಲಿಗೆ ಒಂದೇ ಜಿಗಿತ ಎಂದರೂ ನೂರು ಕೋಟಿ ಜಿಗಿತಕ್ಕೆ ಒಂದು ಕೋಟಿ ಸೆಕೆಂಡು, ಹೆಚ್ಚುಕಡಿಮೆ ನಾಲ್ಕು ತಿಂಗಳು. ಅದೇ ಡಿಸ್ಕು ಜಿಗಿಯದೆ ಸಾಲಾಗಿ ಓದುತ್ತ ಹೋದರೆ ಸೆಕೆಂಡಿಗೆ 100 ಎಂಬಿ ಕೊಡುತ್ತದೆ. ಇಡೀ ಕಡತ ಓದಲು 17 ನಿಮಿಷ ಸಾಕು. ಆದ್ದರಿಂದ ಇಲ್ಲಿ ಜಾಣತನವೆಂದರೆ ಜಿಗಿಯದಿರುವುದು.

ಮೊದಲು 1 ಜಿಬಿಯಷ್ಟು ಸಾಲುಗಳನ್ನು ಮೆಮೊರಿಗೆ ತುಂಬಿಕೊಂಡು, ಅಲ್ಲೇ ಜೋಡಿಸಿ, ಒಂದು ಕಂತೆಯಾಗಿ ಡಿಸ್ಕಿಗೆ ಬರೆಯುತ್ತೇವೆ. ಹೀಗೆ ನೂರು ಸಲ ಮಾಡಿದರೆ ನೂರು ಕಂತೆ. ಪ್ರತಿ ಕಂತೆಯೂ ತನ್ನೊಳಗೆ ಕ್ರಮವಾಗಿದೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಇಷ್ಟಕ್ಕೆ ಎಲ್ಲ ದತ್ತಾಂಶವೂ ಒಮ್ಮೆ ಓದಿಸಿಕೊಂಡು ಒಮ್ಮೆ ಬರೆಸಿಕೊಂಡಿತು. ಇದು ಒಂದು ಸುತ್ತು, ಬೆಲೆ 33 ನಿಮಿಷ. ಮೆಮೊರಿಯೊಳಗಿನ ಹೋಲಿಕೆಗಳಿಗೂ ಸಮಯ ಬೇಕು ನಿಜ, ಆದರೆ ಲೆಕ್ಕ ಕೆಡಿಸುವುದು ಸುತ್ತುಗಳೇ.

ಇನ್ನು ಕಂತೆಗಳನ್ನು ಕೂಡಿಸಬೇಕು. ಪಾಠದ ಪುಸ್ತಕದಲ್ಲಿ ಕಲಿತಂತೆ ಎರಡೆರಡನ್ನೇ ಕೂಡಿಸಿದರೆ ನೂರು ಐವತ್ತಾಗುತ್ತದೆ, ಆಮೇಲೆ 25, 13, 7, 4, 2, ಕೊನೆಗೆ 1. ಏಳು ಸುತ್ತು. ಮೊದಲಿನದನ್ನು ಸೇರಿಸಿದರೆ ಎಂಟು, ಸುಮಾರು ನಾಲ್ಕೂವರೆ ಗಂಟೆ.

ಎರಡನ್ನೇ ಏಕೆ ಕೂಡಿಸಬೇಕು? ಕೂಡಿಸುವಾಗ ಇಡೀ ಕಂತೆ ಮೆಮೊರಿಯಲ್ಲಿರಬೇಕಾಗಿಲ್ಲ, ಅದರ ಮುಂದಿನ ತುಣುಕು ಇದ್ದರೆ ಸಾಕು. 1 ಜಿಬಿಯನ್ನು 101 ಪಾಲು ಮಾಡಿದರೆ ಪಾಲಿಗೆ ಸುಮಾರು 10 ಎಂಬಿ. ನೂರು ಪಾಲು ನೂರು ಕಂತೆಗಳ ಮುಂತುದಿಗೆ, ಒಂದು ಪಾಲು ಹೊರಹೋಗುವ ಸಾಲುಗಳಿಗೆ. ನೂರು ತುದಿಗಳಲ್ಲಿ ಎಲ್ಲಕ್ಕಿಂತ ಚಿಕ್ಕ ನಂಬರು ಯಾವುದೋ ಅದನ್ನು ಹೊರಗೆ ಕಳಿಸುವುದು. ಪಾಲು ಬರಿದಾದರೆ ಆ ಕಂತೆಯಿಂದ ಇನ್ನೊಂದು 10 ಎಂಬಿ ತರುವುದು. ಒಂದೇ ಸುತ್ತಿಗೆ ನೂರು ಕಂತೆಯೂ ಒಂದಾಗುತ್ತವೆ. ಒಟ್ಟು ಎರಡು ಸುತ್ತು, 67 ನಿಮಿಷ ಮತ್ತು ಒಂದಿಷ್ಟು.

ಆ ‘ಒಂದಿಷ್ಟು’ ಎಂಬುದರಲ್ಲೇ ಮಿತಿ ಅಡಗಿದೆ. 10 ಎಂಬಿ ಓದಲು 100 ಮಿಲಿಸೆಕೆಂಡು, ಅದಕ್ಕೆ ಮುನ್ನ ಮುಳ್ಳು ಜಿಗಿಯಲು 10. ಹತ್ತನೇ ಒಂದು ಪಾಲು ದಂಡ, ಪರವಾಗಿಲ್ಲ. ಆದರೆ ಕಡತ 1000 ಜಿಬಿ ಇದ್ದಿದ್ದರೆ ಕಂತೆ ಸಾವಿರ, ಪಾಲಿಗೆ ಬರೀ 1 ಎಂಬಿ. ಓದುವುದಕ್ಕೆ 10, ಜಿಗಿಯುವುದಕ್ಕೂ 10. ಒಂದೇ ಸುತ್ತು ಎಂದು ಬೀಗಿದರೂ ಎರಡು ಸುತ್ತಿನಷ್ಟೇ ಹೊತ್ತು ಹೋಗುತ್ತದೆ. 32 ಕಂತೆಗಳಂತೆ ಎರಡು ಸುತ್ತಿನಲ್ಲಿ ಕೂಡಿಸಿದ್ದರೂ ಅಷ್ಟೇ ಆಗುತ್ತಿತ್ತು. ಮುಳ್ಳೇ ಇಲ್ಲದ ಎಸ್‌ಎಸ್‌ಡಿಯಲ್ಲಿ ಈ ದಂಡ ತೀರ ಕಡಿಮೆ, ಅಲ್ಲಿ ಅಗಲವಾಗಿ ಕೂಡಿಸುವುದೇ ಸರಿ.

ಲಿನಕ್ಸಿನಲ್ಲಿ ಸಿಗುವ `sort` ಇದನ್ನೇ ಮಾಡುತ್ತದೆ. ಆದರೆ ಹೇಳದಿದ್ದರೆ ಅದು ಒಮ್ಮೆಗೆ 16 ಕಂತೆಗಳನ್ನಷ್ಟೇ ಕೂಡಿಸುತ್ತದೆ, ಹಾಗಾಗಿ ನಮ್ಮ ಕಡತಕ್ಕೆ ಇನ್ನೊಂದು ಸುತ್ತು ಹೆಚ್ಚು. ಪ್ರತಿ ಸಾಲಿನ ಗುರುತಿಗೂ ಮೆಮೊರಿ ಬೇಕಾದ್ದರಿಂದ ಕಂತೆಗಳು 1 ಜಿಬಿಗಿಂತ ಚಿಕ್ಕವಾಗಿ, ಎಣಿಕೆ ನೂರನ್ನು ದಾಟುತ್ತದೆ. ಹಾಗಾಗಿ ಸ್ವಲ್ಪ ಧಾರಾಳವಾಗಿ ಹೇಳಿ:

```
LC_ALL=C sort -S 1G -T /data/tmp --batch-size=300 calls.txt -o sorted.txt
```

ನಡೆಯುವಾಗ `/data/tmp` ಒಳಗೆ ಇಣುಕಿದರೆ `sort` ಎಂದು ಹೆಸರು ಶುರುವಾಗುವ ಕಡತಗಳು ಕಾಣುತ್ತವೆ, ಅವೇ ಕಂತೆಗಳು. ಅವುಗಳ ಎಣಿಕೆ ನಿಂತು `sorted.txt` ಬೆಳೆಯತೊಡಗಿದರೆ ಕೊನೆಯ ಸುತ್ತು ಎಂದರ್ಥ. ಅದರ ಬದಲು ಹಲವು ಪಟ್ಟು ದೊಡ್ಡ ಹೊಸ ಕಂತೆಗಳು ಹುಟ್ಟುತ್ತಿದ್ದರೆ ನಡುವೆ ಒಂದು ಸುತ್ತು ಸೇರಿಕೊಂಡಿದೆ.

`-T` ಮಾತ್ರ ಮರೆಯಬೇಡಿ. ಇಲ್ಲದಿದ್ದರೆ ಕಂತೆಗಳು ಸಾಮಾನ್ಯವಾಗಿ `/tmp` ಸೇರುತ್ತವೆ, ಕೆಲವು ಲಿನಕ್ಸ್‌ಗಳಲ್ಲಿ ಅದು ಇರುವುದೇ ಮೆಮೊರಿಯೊಳಗೆ! ಮೆಮೊರಿ ಸಾಲದೆಂದು ಡಿಸ್ಕಿಗೆ ಹೊರಟವರು ಮತ್ತೆ ಮೆಮೊರಿಯನ್ನೇ ತುಂಬಿದಂತಾಗುತ್ತದೆ. ಕಂತೆಗಳಿಗೆ 100 ಜಿಬಿ, ಫಲಿತಾಂಶಕ್ಕೆ ಇನ್ನೊಂದು 100 ಜಿಬಿ ಖಾಲಿ ಇದೆಯೇ ಎಂದು `df -h` ಹೊಡೆದು ನೋಡಿಕೊಂಡೇ ಶುರುಮಾಡಿ.