ಗುಂಡಿ ಒತ್ತಿದರೆ ಧ್ವನಿ ಏರಿತು, ಫೋಟೊ ಬರಲಿಲ್ಲ

ಅಕ್ಕನ ಮಗಳ ಸೀಮಂತಕ್ಕೆಂದು ತೀರ್ಥಹಳ್ಳಿ ಕಡೆಯ ಅವರ ತೊಟ್ಟಿ ಮನೆಗೆ ಹೋಗಿದ್ದೆ. ಊಟಕ್ಕೆ ಮೊದಲು ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತರು. ದೊಡ್ಡವರು, ಮಕ್ಕಳು ಸೇರಿ 18 ಜನ. ಅಂಗಳದಲ್ಲಿ ಟ್ರೈಪಾಡ್ ನಿಲ್ಲಿಸಿ, ಅದಕ್ಕೆ ಫೋನ್ ಸಿಕ್ಕಿಸಿ, ಕೈಯಲ್ಲಿ ಬ್ಲೂಟೂತ್ ರಿಮೋಟ್ ಹಿಡಿದು ನಾನೂ ಸಾಲಿನ ತುದಿಯಲ್ಲಿ ಕೂತೆ. ಗುಂಡಿ ಒತ್ತಿದೆ. ಫೋಟೊ ತೆಗೆದ ಸದ್ದು ಬರಲಿಲ್ಲ. ಎದ್ದು ಹೋಗಿ ನೋಡಿದರೆ ಪರದೆಯ ಅಂಚಿನಲ್ಲಿ ಧ್ವನಿ ಏರಿಸುವ ಪಟ್ಟಿ ಮೂಡಿ ನಿಂತಿತ್ತು. “ಏನಾಯ್ತು ಮಾಮ, ಕೆಟ್ಟೋಯ್ತಾ?” ಎಂದು ಅಕ್ಕನ ಮಗ ಕೇಳಿದ. ಕೆಟ್ಟಿರಲಿಲ್ಲ. ರಿಮೋಟ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು.

ಇನ್ನೂರು ಮುನ್ನೂರು ರೂಪಾಯಿಗೆ ಸಿಗುವ ಈ ಪುಟ್ಟ ರಿಮೋಟಿಗೆ ಕ್ಯಾಮೆರಾ ಎಂದರೇನೆಂದೇ ಗೊತ್ತಿಲ್ಲ. ಫೋನಿನ ಕಣ್ಣಿಗೆ ಅದೊಂದು ಕೀಬೋರ್ಡ್, ಒಂದೆರಡೇ ಕೀಲಿಗಳಿರುವ ಕೀಬೋರ್ಡ್. ಗುಂಡಿ ಒತ್ತಿದಾಗ ಅದು ಕಳಿಸುವುದು “ಧ್ವನಿ ಏರಿಸು” ಎಂಬ ಸೂಚನೆಯನ್ನು ಮಾತ್ರ. ಫೋನಿನ ಪಕ್ಕದಲ್ಲಿರುವ ಧ್ವನಿಯ ಗುಂಡಿಯನ್ನು ಒತ್ತಿಯೂ ಫೋಟೊ ತೆಗೆಯಬಹುದಲ್ಲ, ಅದೇ ದಾರಿಯಲ್ಲಿ ಇದೂ ಫೋಟೊ ತೆಗೆಸುತ್ತದೆ. ಐಫೋನಿನ ಕ್ಯಾಮೆರಾದಲ್ಲಿ ಆ ಗುಂಡಿ ಮೊದಲಿಂದಲೇ ಶಟರ್. ಆಂಡ್ರಾಯ್ಡ್ ಫೋನುಗಳಲ್ಲಿ ಮಾತ್ರ ಧ್ವನಿಯ ಗುಂಡಿ ಫೋಟೊ ತೆಗೆಯಬೇಕೋ, ಜೂಮ್ ಮಾಡಬೇಕೋ, ಧ್ವನಿಯನ್ನೇ ಏರಿಳಿಸಬೇಕೋ ಎಂಬುದು ಕ್ಯಾಮೆರಾ ಆ್ಯಪಿನ ಸೆಟ್ಟಿಂಗ್ಸ್‌ನಲ್ಲಿ ನಾವು ಆರಿಸಿದಂತೆ ನಡೆಯುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಅದು Shooting methods ಎಂಬ ಸಾಲಿನೊಳಗಿದೆ. ನಾನು ಹಿಂದೆ ಎಂದೋ ಅಲ್ಲಿ ಧ್ವನಿಯನ್ನು ಆರಿಸಿಟ್ಟು ಮರೆತಿದ್ದೆ. ಬದಲಿಸಿದ ಮೇಲೆ ಮೊದಲ ಒತ್ತಿಗೇ ಫೋಟೊ ಬಂತು.

ರಿಮೋಟನ್ನು ಜೋಡಿಸುವ ಕೆಲಸ ಸುಲಭದ್ದು. ಪಕ್ಕದ ಸ್ವಿಚ್ಚನ್ನು ಸರಿಸಿದರೆ ಚಿಕ್ಕ ದೀಪ ಮಿಟುಕತೊಡಗುತ್ತದೆ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ; ಅಗ್ಗದ ರಿಮೋಟುಗಳಲ್ಲಿ ಹೆಚ್ಚಿನವು AB Shutter3 ಎಂದೇ ತೋರಿಸುತ್ತವೆ. ಅದನ್ನು ಮುಟ್ಟಿದರೆ ಮಿಟುಕುವುದು ನಿಲ್ಲುತ್ತದೆ, ಜೋಡಣೆ ಮುಗಿಯಿತು. ಹೆಸರು ಕಾಣದಿದ್ದರೆ, ಆ ರಿಮೋಟ್ ಈ ಹಿಂದೆ ಜೋಡಿಸಿದ್ದ ಬೇರೆ ಫೋನನ್ನು ಹಿಡಿದುಕೊಂಡಿರಬಹುದು. ಅದು ಒಂದು ಹೊತ್ತಿಗೆ ಒಂದೇ ಫೋನಿನ ಜೊತೆ ಮಾತಾಡುತ್ತದೆ. ಆ ಹಳೆಯ ಫೋನಿನ ಬ್ಲೂಟೂತ್ ಪಟ್ಟಿಗೆ ಹೋಗಿ Forget ಒತ್ತಿದರೆ ಬಿಡುಗಡೆಯಾಗುತ್ತದೆ. ಇನ್ನೊಂದು ವಿಷಯವೂ ಇದೆ. ಕೆಲವು ನಿಮಿಷ ಸುಮ್ಮನಿದ್ದರೆ ಬ್ಯಾಟರಿ ಉಳಿಸಲು ರಿಮೋಟ್ ನಿದ್ದೆಗೆ ಜಾರುತ್ತದೆ. ಆಗ ಮೊದಲ ಒತ್ತು ಅದನ್ನು ಎಬ್ಬಿಸಲು ಖರ್ಚಾಗುತ್ತದೆ, ಎರಡನೆಯದಕ್ಕೆ ಫೋಟೊ ಬರುತ್ತದೆ.

ಫೋಟೊ ಬಂದರೂ ಅದರಲ್ಲಿ ನನ್ನ ಕೈ ಮುಂದಕ್ಕೆ ಚಾಚಿ, ಹೆಬ್ಬೆರಳು ಗುಂಡಿಯ ಮೇಲಿತ್ತು. ಇದಕ್ಕೆ ಪರಿಹಾರ ಫೋನಿನೊಳಗೇ ಇದೆ. 3 ಸೆಕೆಂಡಿನ ಟೈಮರ್ ಹಾಕಿಟ್ಟು ರಿಮೋಟ್ ಒತ್ತಿದರೆ, ಕೈಯನ್ನು ಮಡಿಲಿಗೆ ತಂದುಕೊಳ್ಳಲು ಸಮಯ ಸಿಗುತ್ತದೆ. ಹೀಗೆ ಮಾಡಿದರೆ ಹಿಂಬದಿಯ ಒಳ್ಳೆಯ ಕ್ಯಾಮೆರಾವನ್ನೇ ಬಳಸಬಹುದು, ಸೆಲ್ಫಿ ಕ್ಯಾಮೆರಾಕ್ಕೆ ಇಳಿಯಬೇಕಿಲ್ಲ. ಬ್ಲೂಟೂತ್ ತಲುಪುವುದು ಸುಮಾರು 10 ಮೀಟರ್ ಎನ್ನುತ್ತಾರೆ. ಆದರೆ ಮನುಷ್ಯನ ಮೈ ಆ ಅಲೆಗಳನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಿಂದಿನ ಸಾಲಿನಲ್ಲಿ ನಿಂತು, ಬೆನ್ನ ಹಿಂದೆ ಕೈ ಕಟ್ಟಿಕೊಂಡು ಒತ್ತಿದರೆ ಅರ್ಧ ದೂರದಲ್ಲೂ ಕೆಲಸ ಮಾಡದೇ ಹೋಗಬಹುದು.

ಮರುದಿನ ಬೆಳಿಗ್ಗೆ ಭಾವನಿಗೆ ಮೆಸೇಜ್ ಬರೆಯಲು ಹೋದರೆ ನನ್ನ ಫೋನಿನಲ್ಲಿ ಕೀಬೋರ್ಡೇ ಬರಲಿಲ್ಲ. ಕಾರಣ ಅದೇ ರಿಮೋಟ್. ಆನ್ ಆಗಿಯೇ ಚೀಲದಲ್ಲಿತ್ತು, ಮೇಲೆ ಏನೋ ಒತ್ತಿಕೊಂಡು ಎಚ್ಚರವಾಗಿತ್ತು. ನಿಜವಾದ ಕೀಬೋರ್ಡ್ ಒಂದು ಜೋಡಣೆಯಾಗಿದೆಯಲ್ಲ, ಪರದೆಯ ಮೇಲಿನದು ಯಾಕೆ ಬೇಕು ಎಂದು ಫೋನ್ ಅದನ್ನು ಮುಚ್ಚಿಟ್ಟಿತ್ತು. ಸ್ವಿಚ್ಚನ್ನು ಆಫ್ ಮಾಡಿದ ಕೂಡಲೇ ಅಕ್ಷರಗಳು ಮರಳಿದವು. ಇದು ಗೊತ್ತಿಲ್ಲದೆ ಫೋನನ್ನು ರಿಪೇರಿ ಅಂಗಡಿಗೆ ಕೊಟ್ಟವರಿದ್ದಾರೆ.

ಅಕ್ಕನ ಮಗನ ಬಳಿ ಇದ್ದದ್ದು ಗಿಂಬಲ್. ಹೆಬ್ಬಾಗಿಲಿನಿಂದ ಒಳಹೊಕ್ಕು, ಪಡಸಾಲೆ ದಾಟಿ, ತೊಟ್ಟಿಯ ಬೆಳಕಿಗೆ ಬಂದು, ಆರತಿ ನಡೆಯುವಲ್ಲಿಗೆ ಒಂದೇ ಓಟದಲ್ಲಿ ವಿಡಿಯೊ ತೆಗೆಯಬೇಕೆಂಬುದು ಅವನ ಆಸೆ. ಫೋನ್ ಅದನ್ನು ಹುಡುಕುತ್ತಲೇ ಇತ್ತು, ಬ್ಲೂಟೂತ್ ಪಟ್ಟಿಯಲ್ಲಿ ಹೆಸರೇ ಸಿಗಲಿಲ್ಲ. “ಇದು ಸೇರದೆ ಗಿಂಬಲ್ ಕೆಲಸ ಮಾಡಲ್ಲ ಮಾಮ” ಎಂದು ಬೇಸರ ಮಾಡಿಕೊಂಡಿದ್ದ. ಅವನು ತಿಳಿದದ್ದು ತಪ್ಪು. ಫೋನನ್ನು ಅಲುಗದಂತೆ ಹಿಡಿಯುವ ಕೆಲಸಕ್ಕೂ ಬ್ಲೂಟೂತಿಗೂ ಸಂಬಂಧವೇ ಇಲ್ಲ. ಗಿಂಬಲಿನೊಳಗೆ ವಾಲುವಿಕೆಯನ್ನು ಅಳೆಯುವ ಸೆನ್ಸರ್ ಇದೆ, ಮೂರು ಕೀಲುಗಳಲ್ಲಿ ಮೂರು ಪುಟ್ಟ ಮೋಟರುಗಳಿವೆ. ಕೈ ಬಲಕ್ಕೆ ವಾಲಿದರೆ ಮೋಟರ್ ಅಷ್ಟೇ ಎಡಕ್ಕೆ ತಿರುಗಿ ಫೋನನ್ನು ನೆಟ್ಟಗಿಡುತ್ತದೆ. ಫೋನಿನ ಜಾಗದಲ್ಲಿ ಅಷ್ಟೇ ತೂಕದ ಹಲಗೆಯ ತುಂಡು ಇಟ್ಟರೂ ಅದು ಹೀಗೇ ಮಾಡುತ್ತದೆ. ಬ್ಲೂಟೂತಿನಲ್ಲಿ ಹಾದುಹೋಗುವುದು ಶಟರ್, ಜೂಮ್, ಮುಖವನ್ನು ಹಿಂಬಾಲಿಸುವ ಸೂಚನೆಗಳು ಮಾತ್ರ.

ಆ ಸೂಚನೆಗಳೂ ಬೇಕೆಂದರೆ ಜೋಡಣೆಯ ದಾರಿ ರಿಮೋಟಿನದಲ್ಲ. ಬಹಳಷ್ಟು ಗಿಂಬಲುಗಳನ್ನು ಅವುಗಳದೇ ಆ್ಯಪಿನ ಒಳಗಿನಿಂದ ಜೋಡಿಸಬೇಕು. ಡಿಜೆಐ ಗಿಂಬಲಿಗೆ ಡಿಜೆಐ ಮಿಮೊ ಇದೆ, ಬೇರೆ ಕಂಪನಿಗಳಿಗೆ ಅವುಗಳವೇ ಇವೆ. ಆಂಡ್ರಾಯ್ಡ್ 12ರಿಂದ ಈಚೆಗೆ ಆ್ಯಪ್ ಕೇಳುವ Nearby devices ಅನುಮತಿ ಕೊಡದಿದ್ದರೆ ಪಕ್ಕದಲ್ಲೇ ಇರುವ ಗಿಂಬಲ್ ಅದಕ್ಕೆ ಕಾಣುವುದಿಲ್ಲ. ಅದಕ್ಕಿಂತ ಹಳೆಯ ಆಂಡ್ರಾಯ್ಡಿನಲ್ಲಿ ಕೊಡಬೇಕಾದದ್ದು ಲೊಕೇಶನ್ ಅನುಮತಿ. ಕ್ಯಾಮೆರಾಕ್ಕೂ ಲೊಕೇಶನ್ನಿಗೂ ಏನು ಸಂಬಂಧ ಎಂದು ಹುಡುಗ ಅದನ್ನು ನಿರಾಕರಿಸಿದ್ದ. ಸುತ್ತಲಿನ ಬ್ಲೂಟೂತ್ ಸಾಧನಗಳನ್ನು ಹುಡುಕಿದರೆ ನಾವು ಎಲ್ಲಿದ್ದೇವೆಂದು ಊಹಿಸಬಹುದು, ಅದಕ್ಕಾಗಿ ಆ ಹಳೆಯ ಫೋನುಗಳು ಎರಡನ್ನೂ ಒಂದೇ ಅನುಮತಿಗೆ ಕಟ್ಟಿದ್ದವು. ಅನುಮತಿ ಕೊಟ್ಟ, ಗಿಂಬಲ್ ಸಿಕ್ಕಿತು. ಕೆಲವು ಗಿಂಬಲುಗಳಿಗೆ ಮೊದಲ ಸಲ ಇಂಟರ್ನೆಟ್ ಮೂಲಕ ಚಾಲನೆ ಕೊಡಬೇಕಾಗುತ್ತದೆ. ನೆಟ್‌ವರ್ಕ್ ಸಿಗದ ಊರಿಗೆ ಹೊಸ ಡಬ್ಬಿ ಒಯ್ದು ಅಲ್ಲಿ ತೆರೆಯಬೇಡಿ.

ಇನ್ನೊಂದು ತಪ್ಪನ್ನೂ ಅವನು ಮಾಡಿದ್ದ. ಗಿಂಬಲನ್ನು ಮೊದಲು ಆನ್ ಮಾಡಿ, ಆಮೇಲೆ ಫೋನ್ ಸಿಕ್ಕಿಸುತ್ತಿದ್ದ. ಫೋನ್ ಸಿಕ್ಕಿಸಿದ ಮೇಲೇ ಆನ್ ಮಾಡಬೇಕು. ಅದಕ್ಕೂ ಮೊದಲು, ಮೋಟರ್ ಆಫ್ ಇರುವಾಗ, ಫೋನನ್ನು ಹಿಡಿಕೆಯಲ್ಲಿ ಆಚೀಚೆ ಸರಿಸಿ ಎರಡೂ ಬದಿಯ ಭಾರ ಸರಿತೂಗುವಂತೆ ನೋಡಿಕೊಳ್ಳಬೇಕು. ಒಂದು ಕಡೆ ಭಾರವಾದರೆ ಮೋಟರ್ ಆ ಭಾರವನ್ನು ಎತ್ತಿ ಹಿಡಿಯುವುದರಲ್ಲೇ ಸೋಲುತ್ತದೆ. ಬಿಸಿಯಾಗುತ್ತದೆ, ಗುಂಯ್ ಎನ್ನುತ್ತದೆ, ಫೋನ್ ಸಣ್ಣಗೆ ನಡುಗುತ್ತದೆ, ಆ ಗುಂಯ್ ಫೋನಿನ ಮೈಕಿನಲ್ಲೂ ಸೇರುತ್ತದೆ. ದಪ್ಪ ಕವರ್, ಬೆನ್ನಿಗೆ ಅಂಟಿಸಿದ ಉಂಗುರ ಎಲ್ಲ ತೆಗೆಯಬೇಕು. ಉದಾಹರಣೆಗೆ ಡಿಜೆಐ ಒಸ್ಮೊ ಮೊಬೈಲ್ 6 ಹೊರಬಲ್ಲ ಫೋನಿನ ತೂಕ 170ರಿಂದ 290 ಗ್ರಾಂ. ಈಗಿನ ದೊಡ್ಡ ಫೋನ್ ಕವರ್ ಸಮೇತ ಆ ಮೇಲಿನ ಗೆರೆಯ ಹತ್ತಿರಕ್ಕೇ ಹೋಗಿಬಿಡುತ್ತದೆ.

ಎಲ್ಲ ಸರಿಹೋಗಿ ಹುಡುಗ ಹೆಬ್ಬಾಗಿಲಿನಿಂದ ನಡೆದು ಬಂದ. ವಿಡಿಯೊ ನೋಡಿದರೆ ಪಡಸಾಲೆಯ ಕಂಬಗಳು ದೋಣಿಯಲ್ಲಿ ಕೂತು ನೋಡಿದಂತೆ ಏರಿಳಿಯುತ್ತಿದ್ದವು. ಗಿಂಬಲ್ ಬಳಸುವ ಪ್ರತಿಯೊಬ್ಬರೂ ಇಲ್ಲಿ ಒಮ್ಮೆ ಎಡವುತ್ತಾರೆ. ಮೂರು ಮೋಟರುಗಳು ತಡೆಯುವುದು ತಿರುಗುವಿಕೆಯನ್ನು. ನಡೆಯುವಾಗ ನಮ್ಮ ಇಡೀ ಮೈ ಮೇಲೆ ಕೆಳಗೆ ಹೋಗುತ್ತದೆ, ಫೋನೂ ಅದರ ಜೊತೆ ಹೋಗುತ್ತದೆ, ಅದನ್ನು ತಡೆಯುವ ಮೋಟರ್ ಅದರಲ್ಲಿಲ್ಲ. ಲೆಕ್ಕ ಹಾಕಿ ನೋಡಿ. ಫೋನ್ ಒಂದು ಡಿಗ್ರಿ ವಾಲಿದರೆ 3 ಮೀಟರ್ ದೂರದ ವಸ್ತು ಸುಮಾರು 5 ಸೆಂಟಿಮೀಟರ್ ಸರಿದಂತೆ ಕಾಣುತ್ತದೆ, 30 ಮೀಟರ್ ದೂರದ್ದು ಅರ್ಧ ಮೀಟರಿನಷ್ಟು. ಕೈ ನಡುಕ ದೂರದ್ದನ್ನೂ ಹತ್ತಿರದ್ದನ್ನೂ ಕುಣಿಸುತ್ತದೆ; ಇದನ್ನು ಗಿಂಬಲ್ ನುಂಗುತ್ತದೆ. ಹೆಜ್ಜೆಯ ಏರಿಳಿತ 3 ಸೆಂಟಿಮೀಟರ್ ಎಂದುಕೊಂಡರೆ, ದೂರದ ಅಡಿಕೆ ಮರಕ್ಕೆ ಅದು ಕಾಣುವುದೇ ಇಲ್ಲ, ಒಂದು ಮೀಟರ್ ಪಕ್ಕದಲ್ಲಿರುವ ಕಂಬಕ್ಕೆ ಎದ್ದು ಕಾಣುತ್ತದೆ. ಬಯಲಲ್ಲಿ ಚೆನ್ನಾಗಿ ಬಂದ ವಿಡಿಯೊ ಮನೆಯೊಳಗೆ ಕೆಡುವುದು ಇದಕ್ಕೇ.

ಇದನ್ನು ತಡೆಯಬೇಕಾದದ್ದು ಮೊಣಕಾಲು. ತುಂಬಿದ ಕೊಡ ಹೊತ್ತು ನಡೆಯುವ ಹೆಂಗಸರನ್ನು ನೋಡಿದ್ದೀರಲ್ಲ, ಹಾಗೆ. ಮೊಣಕಾಲನ್ನು ತುಸು ಬಗ್ಗಿಸಿಟ್ಟು, ಹಿಮ್ಮಡಿ ಮೊದಲು ಊರಿ ಮೆಲ್ಲಗೆ ಬೆರಳುಗಳ ಮೇಲೆ ಭಾರ ಹಾಕುತ್ತ, ಚಿಕ್ಕ ಹೆಜ್ಜೆ ಇಡಬೇಕು. ತಿರುವಿನಲ್ಲಿ ಮಣಿಕಟ್ಟನ್ನು ತಿರುಗಿಸದೆ ಇಡೀ ಮೈಯನ್ನು ನಿಧಾನವಾಗಿ ತಿರುಗಿಸಬೇಕು. ಗಿಂಬಲ್ ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ, ಬೇಗ ತಿರುಗಿದರೆ ಎದುರಿನವರ ಮುಖ ಚೌಕಟ್ಟಿನ ಹೊರಗೆ ಹೋಗುತ್ತದೆ. ಹುಡುಗ ಮೂರನೇ ಸಲ ಹೀಗೆ ನಡೆದಾಗ ಕಂಬಗಳು ನಿಂತವು.

ಆದರೂ ಚಿತ್ರದ ಮೂಲೆಗಳು ಜೆಲ್ಲಿಯಂತೆ ತುಯ್ಯುತ್ತಿದ್ದವು. ಇದು ಫೋನಿನೊಳಗಿನ ಎಲೆಕ್ಟ್ರಾನಿಕ್ ಸ್ಥಿರತೆಯ ಕೆಲಸ. ಗಿಂಬಲ್ ಆಗಲೇ ಸರಿಪಡಿಸಿದ್ದನ್ನು ಅದೂ ಸರಿಪಡಿಸಲು ಹೋಗಿ ಚಿತ್ರವನ್ನು ಎಳೆದಾಡುತ್ತಿತ್ತು. ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆಫ್ ಮಾಡಿದಾಗ ಸರಿಹೋಯಿತು. ಎಲ್ಲ ಫೋನುಗಳಲ್ಲೂ ಅದನ್ನು ಆಫ್ ಮಾಡಲು ಬಿಡುವುದಿಲ್ಲ ಎನ್ನುವುದು ನಿಜ. ಸಂಜೆಯ ಮಸುಕು ಬೆಳಕಿನಲ್ಲಿ ಎರಡರ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಪ್ರತಿ ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದಿರುತ್ತದೆ, ಆ ಹೊತ್ತಿನಲ್ಲಿ ಕೈ ನಡುಗಿದರೆ ಚಿತ್ರವೇ ಮಸುಕಾಗುತ್ತದೆ. ಎಲೆಕ್ಟ್ರಾನಿಕ್ ಸ್ಥಿರತೆ ಮಸುಕಾದ ಚಿತ್ರಗಳನ್ನು ಸಾಲಾಗಿ ಜೋಡಿಸುತ್ತದೆ, ಮಸುಕನ್ನು ತೆಗೆಯಲಾರದು. ಗಿಂಬಲ್ ನಡುಕವನ್ನೇ ಮೊದಲು ನಿಲ್ಲಿಸುತ್ತದೆ. ಆದರೆ ಆರತಿ ಎತ್ತುವವರ ಕೈಯೇ ಚಲಿಸುತ್ತಿರುವಾಗ ಆ ಮಸುಕಿಗೆ ಗಿಂಬಲೂ ಏನೂ ಮಾಡಲಾರದು. ಅಲ್ಲಿ ಬೇಕಾದದ್ದು ಇನ್ನೊಂದು ದೀಪ.

ಕೂತಲ್ಲಿಂದ ತೆಗೆಯುವ ವಿಡಿಯೊ, ಮನೆಮಂದಿಯ ಫೋಟೊ ಇಷ್ಟೇ ಸಾಕೆಂದರೆ ಟ್ರೈಪಾಡ್ ಮತ್ತು ರಿಮೋಟ್ ಧಾರಾಳವಾಗಿ ಸಾಕು. ಸಾವಿರಾರು ರೂಪಾಯಿ ಕೊಟ್ಟು ಗಿಂಬಲ್ ಕೊಳ್ಳಬೇಕಾದವರು ನಡೆಯುತ್ತ ತೆಗೆಯುವವರು ಮಾತ್ರ. ಯಾವುದನ್ನೇ ಕೊಂಡರೂ ಸಮಾರಂಭದ ಹಿಂದಿನ ರಾತ್ರಿ ಜೋಡಿಸಿ, ಮನೆಯೊಳಗೆ ಒಮ್ಮೆ ನಡೆದು ನೋಡಿ. ಮುಗಿದ ಮೇಲೆ ರಿಮೋಟಿನ ಸ್ವಿಚ್ಚನ್ನು ಆಫ್ ಮಾಡಿ.